ಆಕಾಶದ ಬಣ್ಣ

ಆಕಾಶದ ಬಣ್ಣವು ಸೂರ್ಯನ ಬೆಳಕು ಭೂಮಿಯ ವಾತಾವರಣದ ಅನಿಲ ಅಣುಗಳಿಗೆ ತಾಗಿ ಎಲ್ಲ ದಿಕ್ಕುಗಳಿಗೂ ಚದುರುವುದರಿಂದ ಉಂಟಾಗುವ ದೃಶ್ಯ ವಿದ್ಯಮಾನವಾಗಿದೆ. ಈ ಚದುರಿಕೆಯಲ್ಲಿ ನೀಲಿ ಬೆಳಕು ಕೆಂಪು ಬೆಳಕಿಗಿಂತ ಹಲವು ಪಟ್ಟು ಹೆಚ್ಚಾಗಿ ಪಾಲ್ಗೊಳ್ಳುತ್ತದೆ. ಆದ್ದರಿಂದ ನಡುಹಗಲಿನಲ್ಲಿ ಸೂರ್ಯನಿಲ್ಲದ ಕಡೆಗೆ ನೋಡಿದಾಗಲೂ ಆಕಾಶದಿಂದ ಕಣ್ಣಿಗೆ ಬರುವ ಬೆಳಕು ನೀಲಿಯಾಗಿರುತ್ತದೆ. ಸೂರ್ಯಾಸ್ತದ ಸಮಯದಲ್ಲಿ ಸೂರ್ಯನ ಕಿರಣಗಳು ಬಹಳ ಉದ್ದದ ಗಾಳಿಯ ಪದರವನ್ನು ದಾಟಿ ಬರಬೇಕಾಗುತ್ತದೆ. ದಾರಿಯಲ್ಲಿಯೇ ನೀಲಿ ಬೆಳಕು ಚದುರಿಹೋಗಿ, ಉಳಿದ ಹಳದಿ, ಕಿತ್ತಳೆ ಮತ್ತು ಕೆಂಪು ಬೆಳಕು ಮಾತ್ರ ನೋಡುಗನನ್ನು ತಲುಪುತ್ತದೆ. ಹೀಗೆ ನೀಲಿ ಆಕಾಶ ಮತ್ತು ಕೆಂಪು ಸೂರ್ಯಾಸ್ತ ಎರಡಕ್ಕೂ ಕಾರಣ ಒಂದೇ. ವ್ಯತ್ಯಾಸವಿರುವುದು ಬೆಳಕು ಕ್ರಮಿಸುವ ದಾರಿಯ ಉದ್ದದಲ್ಲಿ. ಈ ಬಗೆಯ ಚದುರಿಕೆಯನ್ನು ಬ್ರಿಟಿಷ್ ಭೌತವಿಜ್ಞಾನಿ ಲಾರ್ಡ್ ರೇಲೀ ಅವರ ಹೆಸರಿನಿಂದ ರೇಲೀ ಚದುರಿಕೆ ಎಂದು ಕರೆಯಲಾಗುತ್ತದೆ.

## ಬೆಳಕು ಮತ್ತು ಗಾಳಿಯ ಅಣುಗಳು

ಸೂರ್ಯನ ಬಿಳಿ ಬೆಳಕು ನೇರಳೆಯಿಂದ ಕೆಂಪಿನವರೆಗಿನ ಎಲ್ಲ ಬಣ್ಣಗಳ ಮಿಶ್ರಣ. ಪ್ರತಿಯೊಂದು ಬಣ್ಣಕ್ಕೂ ತನ್ನದೇ ಆದ ತರಂಗದೂರವಿದೆ. ನೇರಳೆಯ ತರಂಗದೂರ ಸುಮಾರು 400 ನ್ಯಾನೋಮೀಟರ್, ನೀಲಿಯದು ಸುಮಾರು 450, ಹಸಿರಿನದು ಸುಮಾರು 550, ಕೆಂಪಿನದು ಸುಮಾರು 650ರಿಂದ 700. ಗಾಳಿಯಲ್ಲಿ ಹೆಚ್ಚಾಗಿರುವ ನೈಟ್ರೋಜನ್ ಮತ್ತು ಆಕ್ಸಿಜನ್ ಅಣುಗಳ ಗಾತ್ರ ಸುಮಾರು 0.3 ನ್ಯಾನೋಮೀಟರ್ ಮಾತ್ರ. ಅಂದರೆ ಬೆಳಕಿನ ಒಂದು ಅಲೆಯ ಉದ್ದವು ಅಣುವಿನ ಗಾತ್ರಕ್ಕಿಂತ ಸಾವಿರಕ್ಕೂ ಹೆಚ್ಚು ಪಟ್ಟು ದೊಡ್ಡದು. ಇಷ್ಟು ಚಿಕ್ಕ ಕಣದ ಮೇಲೆ ಬೆಳಕು ಕನ್ನಡಿಯ ಮೇಲೆ ಬಿದ್ದಂತೆ ಪ್ರತಿಫಲಿಸುವುದಿಲ್ಲ; ಅಲ್ಲಿ ನಡೆಯುವ ಕ್ರಿಯೆಯೇ ಬೇರೆ.

ಬೆಳಕು ಒಂದು ವಿದ್ಯುತ್ಕಾಂತೀಯ ಅಲೆ. ಅದು ಅಣುವನ್ನು ಹಾದುಹೋಗುವಾಗ ಅದರ ವಿದ್ಯುತ್ ಕ್ಷೇತ್ರವು ಅಣುವಿನ ಎಲೆಕ್ಟ್ರಾನ್‌ಗಳನ್ನು ತನ್ನದೇ ಲಯದಲ್ಲಿ ಹಿಂದೆ ಮುಂದೆ ತೂಗಿಸುತ್ತದೆ. ಹೀಗೆ ತೂಗಾಡುವ ಎಲೆಕ್ಟ್ರಾನ್‌ಗಳು ಸಣ್ಣ ಪ್ರಸಾರಕದಂತೆ ವರ್ತಿಸಿ, ಬಂದ ಬೆಳಕಿನ ಬಣ್ಣದ್ದೇ ಆದ ಬೆಳಕನ್ನು ಸುತ್ತಲೂ ಹೊರಸೂಸುತ್ತವೆ. ಬೆಳಕಿನ ಬಣ್ಣ ಬದಲಾಗುವುದಿಲ್ಲ, ದಿಕ್ಕು ಮಾತ್ರ ಬದಲಾಗುತ್ತದೆ. ಅಣುವೊಂದು ಚದುರಿಸುವ ಬೆಳಕು ಅತ್ಯಲ್ಪ. ಆದರೆ ಸಮುದ್ರ ಮಟ್ಟದ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 2.5 × 10²⁵ ಅಣುಗಳಿರುವುದರಿಂದ ಒಟ್ಟು ಪರಿಣಾಮ ಕಣ್ಣಿಗೆ ಕಾಣುವಷ್ಟು ದೊಡ್ಡದಾಗುತ್ತದೆ.

ಅಣುಗಳು ಇಷ್ಟು ಒತ್ತೊತ್ತಾಗಿದ್ದರೆ ಅವು ಸೂಸುವ ಅಲೆಗಳು ಒಂದನ್ನೊಂದು ರದ್ದುಗೊಳಿಸಬೇಕಲ್ಲವೇ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಅಣುಗಳು ಸರಿಸಮಾನ ಅಂತರದಲ್ಲಿ ಸಾಲಾಗಿ ನಿಂತಿದ್ದರೆ ಹಾಗೆಯೇ ಆಗುತ್ತಿತ್ತು. ದೋಷವಿಲ್ಲದ ಶುದ್ಧ ಸ್ಫಟಿಕವು ಬದಿಗಳಿಗೆ ಬೆಳಕನ್ನು ಚದುರಿಸದೆ ಪಾರದರ್ಶಕವಾಗಿರುವುದು ಬಹುಮಟ್ಟಿಗೆ ಈ ಕಾರಣದಿಂದಲೇ. ಗಾಳಿಯ ಅಣುಗಳಾದರೋ ಅಡ್ಡಾದಿಡ್ಡಿಯಾಗಿ ಚಲಿಸುತ್ತಿರುತ್ತವೆ. ಯಾವುದೇ ಕ್ಷಣದಲ್ಲಿ ಒಂದು ಪುಟ್ಟ ಜಾಗದಲ್ಲಿ ಅಣುಗಳು ತುಸು ಹೆಚ್ಚಿದ್ದರೆ ಪಕ್ಕದ ಜಾಗದಲ್ಲಿ ತುಸು ಕಡಿಮೆ ಇರುತ್ತವೆ. ಸಾಂದ್ರತೆಯ ಈ ಏರುಪೇರಿನಿಂದಾಗಿ ಅಲೆಗಳು ಪೂರ್ಣವಾಗಿ ರದ್ದಾಗದೆ, ಆಕಾಶಕ್ಕೆ ಬೆಳಕು ಉಳಿಯುತ್ತದೆ.

## ನಾಲ್ಕನೇ ಘಾತದ ನಿಯಮ

ತೂಗಾಡುವ ಎಲೆಕ್ಟ್ರಾನ್ ಸೂಸುವ ಅಲೆಯ ಬಲವು ಅದರ ವೇಗೋತ್ಕರ್ಷವನ್ನು ಅವಲಂಬಿಸಿದೆ. ಒಂದೇ ಅಗಲದ ತೂಗಾಟವನ್ನು ಎರಡು ಪಟ್ಟು ಬೇಗ ನಡೆಸಿದರೆ ವೇಗೋತ್ಕರ್ಷ ನಾಲ್ಕು ಪಟ್ಟಾಗುತ್ತದೆ. ಬೆಳಕಿನ ತೀವ್ರತೆಯು ಅಲೆಯ ಬಲದ ವರ್ಗಕ್ಕೆ ಅನುಗುಣವಾಗಿರುವುದರಿಂದ ತೀವ್ರತೆ ಹದಿನಾರು ಪಟ್ಟಾಗುತ್ತದೆ. ಬೇರೆ ರೀತಿಯಲ್ಲಿ ಹೇಳುವುದಾದರೆ, ಚದುರಿದ ಬೆಳಕಿನ ತೀವ್ರತೆಯು ತರಂಗದೂರದ ನಾಲ್ಕನೇ ಘಾತಕ್ಕೆ ವಿಲೋಮವಾಗಿರುತ್ತದೆ:

I ∝ 1/λ⁴

ಇಲ್ಲಿ I ಎಂಬುದು ಚದುರಿದ ಬೆಳಕಿನ ತೀವ್ರತೆ, λ ಎಂಬುದು ತರಂಗದೂರ. 450 ನ್ಯಾನೋಮೀಟರ್‌ನ ನೀಲಿಯನ್ನು 650 ನ್ಯಾನೋಮೀಟರ್‌ನ ಕೆಂಪಿನೊಡನೆ ಹೋಲಿಸಿದರೆ, 650/450 ಎಂಬ ಅನುಪಾತವು ಸುಮಾರು 1.44. ಅದರ ನಾಲ್ಕನೇ ಘಾತ ಸುಮಾರು 4.4. ಆದ್ದರಿಂದ ಗಾಳಿಯು ನೀಲಿಯನ್ನು ಕೆಂಪಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಚದುರಿಸುತ್ತದೆ. ದೃಗ್ಗೋಚರ ಬೆಳಕಿನ ಎರಡು ತುದಿಗಳಾದ 400 ಮತ್ತು 700 ನ್ಯಾನೋಮೀಟರ್‌ಗಳ ನಡುವೆ ಈ ವ್ಯತ್ಯಾಸ ಒಂಬತ್ತು ಪಟ್ಟಿಗೂ ಮಿಗಿಲು.

ಈ ನಿಯಮ ಅನ್ವಯಿಸುವುದು ಚದುರಿಸುವ ಕಣವು ತರಂಗದೂರಕ್ಕಿಂತ ಬಹಳ ಚಿಕ್ಕದಾಗಿರುವಾಗ ಮಾತ್ರ. ಮೋಡದ ನೀರಿನ ಹನಿಗಳು ಸಾಮಾನ್ಯವಾಗಿ ಹತ್ತಾರು ಮೈಕ್ರೋಮೀಟರ್ ಗಾತ್ರದವು, ಅಂದರೆ ತರಂಗದೂರಕ್ಕಿಂತ ಹಲವು ಪಟ್ಟು ದೊಡ್ಡವು. ಅವು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಸಮವಾಗಿ ಚದುರಿಸುವುದರಿಂದ ಮೋಡ ಬೆಳ್ಳಗೆ ಕಾಣುತ್ತದೆ.

## ಆಕಾಶ ನೇರಳೆಯಾಗಿ ಏಕೆ ಕಾಣುವುದಿಲ್ಲ

ನೇರಳೆ ಬೆಳಕು ನೀಲಿಗಿಂತಲೂ ಹೆಚ್ಚು ಚದುರುವುದರಿಂದ ಆಕಾಶವು ನೇರಳೆಯಾಗಿರಬೇಕು ಎಂಬ ತರ್ಕ ಸಹಜವಾಗಿ ಮೂಡುತ್ತದೆ. ಹಾಗಾಗದಿರಲು ಎರಡು ಕಾರಣಗಳಿವೆ. ಮೊದಲನೆಯದಾಗಿ, ಸೂರ್ಯನ ಬೆಳಕಿನಲ್ಲಿ ನೇರಳೆಯ ಪಾಲು ನೀಲಿಯ ಪಾಲಿಗಿಂತ ಕಡಿಮೆ. ಎರಡನೆಯದಾಗಿ, ಮನುಷ್ಯನ ಕಣ್ಣು 400 ನ್ಯಾನೋಮೀಟರ್‌ನ ಆಸುಪಾಸಿನ ಬೆಳಕನ್ನು ಬಹಳ ದುರ್ಬಲವಾಗಿ ಗ್ರಹಿಸುತ್ತದೆ.

ಇದಲ್ಲದೆ ಆಕಾಶದ ಬೆಳಕು ಒಂದೇ ಬಣ್ಣದ್ದಲ್ಲ. ಅದರಲ್ಲಿ ನೇರಳೆ, ನೀಲಿ, ಹಸಿರು, ಹಳದಿ, ಕೆಂಪು ಎಲ್ಲವೂ ಬೇರೆ ಬೇರೆ ಪ್ರಮಾಣದಲ್ಲಿ ಇರುತ್ತವೆ. ಅಕ್ಷಿಪಟಲದ ಮೂರು ಬಗೆಯ ಶಂಕುಕೋಶಗಳು ಈ ಮಿಶ್ರಣಕ್ಕೆ ನೀಡುವ ಒಟ್ಟು ಪ್ರತಿಕ್ರಿಯೆಯು, ಶುದ್ಧ ನೀಲಿಗೆ ಬಿಳಿಯನ್ನು ಬೆರೆಸಿದಾಗ ಅವು ನೀಡುವ ಪ್ರತಿಕ್ರಿಯೆಗೆ ಸಮನಾಗಿರುತ್ತದೆ. ಆದ್ದರಿಂದ ಮನುಷ್ಯನಿಗೆ ಆಕಾಶ ತಿಳಿನೀಲಿಯಾಗಿ ತೋರುತ್ತದೆ. ಅಂದರೆ ಆಕಾಶದ ಬಣ್ಣದಲ್ಲಿ ಗಾಳಿಯ ಪಾತ್ರದ ಜೊತೆಗೆ ಕಣ್ಣಿನ ಪಾತ್ರವೂ ಇದೆ.

## ನಡುಹಗಲಿನಿಂದ ಸೂರ್ಯಾಸ್ತದವರೆಗೆ: ಒಂದು ಲೆಕ್ಕ

ಒಂದೇ ಗಾಳಿ ಹಗಲಿನಲ್ಲಿ ನೀಲಿಯನ್ನೂ ಸಂಜೆ ಕೆಂಪನ್ನೂ ತೋರಿಸುವುದು ಹೇಗೆ ಎಂಬುದನ್ನು ಮಂಗಳೂರಿನ ಕಡಲತೀರವನ್ನು ಉದಾಹರಣೆಯಾಗಿಟ್ಟುಕೊಂಡು ಲೆಕ್ಕ ಹಾಕಬಹುದು. ಮಂಗಳೂರು ಸಮುದ್ರ ಮಟ್ಟದಲ್ಲಿದ್ದು, ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ 24ರ ಸುಮಾರಿಗೆ ಅಲ್ಲಿ ನಡುಹಗಲಿನ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ ಇರುತ್ತಾನೆ; ಸಂಜೆ ಅರಬ್ಬೀ ಸಮುದ್ರದ ತೆರೆದ ಕ್ಷಿತಿಜದಲ್ಲಿ ಮುಳುಗುತ್ತಾನೆ.

ವಾತಾವರಣವು ಮೇಲೆ ಹೋದಂತೆ ತೆಳುವಾಗುತ್ತದೆ. ಅದನ್ನೆಲ್ಲ ಸಮುದ್ರ ಮಟ್ಟದ ಸಾಂದ್ರತೆಗೆ ಒತ್ತಿದರೆ ಸುಮಾರು 8 ಕಿಲೋಮೀಟರ್ ದಪ್ಪದ ಪದರವಾಗುತ್ತದೆ. ನೆತ್ತಿಯ ಮೇಲಿನ ಸೂರ್ಯನ ಕಿರಣವು ಈ ಪದರವನ್ನು ಲಂಬವಾಗಿ ದಾಟುತ್ತದೆ. ಈ ದಾರಿಯನ್ನು ಒಂದು ಪಟ್ಟು ಎಂದಿಟ್ಟುಕೊಂಡರೆ, ಸೂರ್ಯ 30 ಡಿಗ್ರಿ ಎತ್ತರದಲ್ಲಿದ್ದಾಗ ದಾರಿ 2 ಪಟ್ಟು, 10 ಡಿಗ್ರಿಯಲ್ಲಿದ್ದಾಗ ಸುಮಾರು 5.6 ಪಟ್ಟು, 5 ಡಿಗ್ರಿಯಲ್ಲಿದ್ದಾಗ ಸುಮಾರು 10 ಪಟ್ಟು ಆಗುತ್ತದೆ. ಕ್ಷಿತಿಜವನ್ನು ಮುಟ್ಟುವ ಹೊತ್ತಿಗೆ ಅದು ಸುಮಾರು 38 ಪಟ್ಟು, ಅಂದರೆ 300 ಕಿಲೋಮೀಟರ್‌ನಷ್ಟು ದಟ್ಟ ಗಾಳಿಗೆ ಸಮ. ಭೂಮಿ ಚಪ್ಪಟೆಯಾಗಿದ್ದಿದ್ದರೆ ಈ ದಾರಿಗೆ ಕೊನೆಯೇ ಇರುತ್ತಿರಲಿಲ್ಲ. ಭೂಮಿಯ ದುಂಡು ಆಕಾರವೇ ಅದಕ್ಕೆ ಮಿತಿ ಹಾಕುತ್ತದೆ.

ಧೂಳಿಲ್ಲದ ಶುದ್ಧ ಗಾಳಿಯ ಮೂಲಕ ನೇರವಾಗಿ ದಾಟಿಬರುವ ಬೆಳಕಿನ ಪಾಲನ್ನು ಹೀಗೆ ಬರೆಯಬಹುದು:

T = e^(−mτ)

ಇಲ್ಲಿ m ಎಂಬುದು ದಾರಿ ಎಷ್ಟು ಪಟ್ಟು ಎಂಬ ಸಂಖ್ಯೆ. τ ಎಂಬುದು ಲಂಬವಾದ ಒಂದು ಪಟ್ಟು ದಾರಿಯಲ್ಲಿ ಆ ಬಣ್ಣ ಎಷ್ಟರಮಟ್ಟಿಗೆ ಚದುರುತ್ತದೆ ಎಂಬುದರ ಅಳತೆ. ಅದರ ಬೆಲೆ 450 ನ್ಯಾನೋಮೀಟರ್‌ನ ನೀಲಿಗೆ ಸುಮಾರು 0.22, 550 ನ್ಯಾನೋಮೀಟರ್‌ನ ಹಸಿರಿಗೆ ಸುಮಾರು 0.10, 650 ನ್ಯಾನೋಮೀಟರ್‌ನ ಕೆಂಪಿಗೆ ಸುಮಾರು 0.05. ಈ ಬೆಲೆಗಳನ್ನು ಬಳಸಿದಾಗ ಸಿಗುವ ಫಲಿತಾಂಶ ಹೀಗಿದೆ:

| ಸೂರ್ಯನ ಎತ್ತರ | ದಾರಿ (ಪಟ್ಟು) | ನೀಲಿ | ಹಸಿರು | ಕೆಂಪು |
|---|---|---|---|---|
| 90° (ನೆತ್ತಿ) | 1 | 80% | 90% | 95% |
| 30° | 2 | 64% | 82% | 90% |
| 10° | 5.6 | 29% | 57% | 76% |
| 5° | 10.3 | 10% | 36% | 60% |
| 0° (ಕ್ಷಿತಿಜ) | 38 | 0.02% | 2% | 15% |

ನಡುಹಗಲಿನಲ್ಲಿ ನೇರ ಕಿರಣದಿಂದ ನೀಲಿಯ ಐದನೇ ಒಂದು ಭಾಗ ಚದುರಿಹೋಗುತ್ತದೆ. ಕೆಂಪು ಇಪ್ಪತ್ತರಲ್ಲಿ ಒಂದು ಭಾಗ ಮಾತ್ರ ಚದುರುತ್ತದೆ. ಹೀಗೆ ಚದುರಿದ ಬೆಳಕಿನ ಸುಮಾರು ಅರ್ಧ ಬಾಹ್ಯಾಕಾಶಕ್ಕೆ ಮರಳುತ್ತದೆ. ಉಳಿದ ಅರ್ಧ ನೆಲದ ಕಡೆಗೆ ಬಂದು ನೀಲಿ ಆಕಾಶವಾಗಿ ಕಾಣುತ್ತದೆ. ನೇರ ಕಿರಣದಲ್ಲಿ ಎಲ್ಲ ಬಣ್ಣಗಳೂ ಬಹುಪಾಲು ಉಳಿದಿರುವುದರಿಂದ ಸೂರ್ಯನ ಬೆಳಕು ಬಿಳಿಯಾಗಿಯೇ ಇರುತ್ತದೆ.

ಸೂರ್ಯ 10 ಡಿಗ್ರಿಗೆ ಇಳಿಯುವುದು ಮಂಗಳೂರಿನಲ್ಲಿ ಅಸ್ತಕ್ಕೆ ಸುಮಾರು 40 ನಿಮಿಷ ಮೊದಲು. ಆಗ ಕೆಂಪಿನ ಮುಕ್ಕಾಲು ಪಾಲು ಉಳಿದಿದ್ದರೂ ನೀಲಿ ಮೂರನೇ ಒಂದು ಪಾಲಿಗಿಂತ ಕಡಿಮೆಯಾಗಿರುತ್ತದೆ. ಆದ್ದರಿಂದ ಬಿಸಿಲಿಗೆ ಹೊಂಬಣ್ಣ ಬರುತ್ತದೆ. ಸೂರ್ಯ ಕ್ಷಿತಿಜ ಮುಟ್ಟಿದಾಗ ನೀಲಿ ನಾಲ್ಕು ಸಾವಿರದಲ್ಲಿ ಒಂದು ಪಾಲಿನಷ್ಟೂ ಇರುವುದಿಲ್ಲ. ಅದಕ್ಕೆ ಹೋಲಿಸಿದರೆ ಕೆಂಪು ಆರುನೂರು ಪಟ್ಟಿಗೂ ಹೆಚ್ಚು ಪಾಲಿನಲ್ಲಿ ದಾಟಿಬರುತ್ತದೆ. ಕೆಂಪು ಕೂಡ ಶೇಕಡ 15ಕ್ಕೆ ಇಳಿದಿರುವುದರಿಂದ ಸೂರ್ಯಬಿಂಬ ಮಂಕಾಗುತ್ತದೆ. ಬಣ್ಣದ ಬದಲಾವಣೆ ಕೊನೆಯ ಕೆಲವು ನಿಮಿಷಗಳಲ್ಲಿ ಅತಿ ವೇಗವಾಗಿ ನಡೆಯುವುದಕ್ಕೂ ಕಾರಣ ಇದೇ ಕೋಷ್ಟಕದಲ್ಲಿದೆ: 5 ಡಿಗ್ರಿಯಿಂದ ಕ್ಷಿತಿಜದವರೆಗಿನ ಸುಮಾರು 20 ನಿಮಿಷಗಳಲ್ಲಿ ದಾರಿಯ ಉದ್ದ ಮೂರೂವರೆ ಪಟ್ಟಿಗೂ ಹೆಚ್ಚಾಗುತ್ತದೆ.

ಮಂಗಳೂರಿನ ಆಕಾಶದಲ್ಲಿ ಚದುರಿಹೋದ ಆ ನೀಲಿ ಬೆಳಕು ನಾಶವಾಗುವುದಿಲ್ಲ. ಕಿರಣವು ದಾಟಿಬಂದ ಸಮುದ್ರದ ಮೇಲೆ, ಸೂರ್ಯ ಇನ್ನೂ ಎತ್ತರದಲ್ಲಿರುವ ಪಶ್ಚಿಮದ ಪ್ರದೇಶಗಳಲ್ಲಿ, ಅದು ಹಗಲಿನ ಆಕಾಶದ ನೀಲಿಗೆ ಸೇರಿಕೊಳ್ಳುತ್ತದೆ.

## ಸಂಜೆಯ ಆಕಾಶ

ಸೂರ್ಯಾಸ್ತದಲ್ಲಿ ಆಕಾಶವೆಲ್ಲ ಕೆಂಪಾಗುವುದಿಲ್ಲ. ಕೆಂಪು ಮತ್ತು ಕಿತ್ತಳೆ ಬಣ್ಣ ಮುಖ್ಯವಾಗಿ ಸೂರ್ಯನಿರುವ ದಿಕ್ಕಿನ ಕ್ಷಿತಿಜದ ಬಳಿ ಕಾಣುತ್ತದೆ. ಉದ್ದದ ದಾರಿಯಲ್ಲಿ ನೀಲಿಯನ್ನು ಕಳೆದುಕೊಂಡ ಕಿರಣಗಳು ಅಲ್ಲಿನ ಗಾಳಿಯಿಂದ ಮತ್ತೆ ಚದುರಿ ಕಣ್ಣಿಗೆ ಬರುತ್ತವೆ. ಎತ್ತರದ ಮೋಡಗಳಿದ್ದರೆ ದೃಶ್ಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಮೋಡವು ತನ್ನ ಮೇಲೆ ಬಿದ್ದ ಎಲ್ಲ ಬಣ್ಣವನ್ನೂ ಸಮವಾಗಿ ಚದುರಿಸುವುದರಿಂದ, ಕೆಂಪು ಕಿರಣ ಬಿದ್ದಾಗ ಅದು ಪರದೆಯಂತೆ ಕೆಂಪನ್ನೇ ತೋರಿಸುತ್ತದೆ.

ಈ ಸಮಯದಲ್ಲಿ ನೆತ್ತಿಯ ಮೇಲಿನ ಆಕಾಶ ನೀಲಿಯಾಗಿಯೇ ಉಳಿಯುತ್ತದೆ. ಇದಕ್ಕೆ ರೇಲೀ ಚದುರಿಕೆಯೊಂದೇ ಸಾಕಾಗುವುದಿಲ್ಲ. ನೆತ್ತಿಯ ಮೇಲಿನ ಗಾಳಿಯನ್ನು ತಲುಪುವ ಕಿರಣವೂ ಉದ್ದದ ದಾರಿ ಕ್ರಮಿಸಿ ನೀಲಿಯನ್ನು ಕಳೆದುಕೊಂಡಿರುತ್ತದೆ. ಆದ್ದರಿಂದ ಚದುರಿಕೆ ಮಾತ್ರ ಇದ್ದಿದ್ದರೆ ಮುಸ್ಸಂಜೆಯ ನೆತ್ತಿ ಮಾಸಲು ಹಳದಿಯ ಕಡೆಗೆ ವಾಲಬೇಕಿತ್ತು. ಅಮೆರಿಕದ ಭೌತವಿಜ್ಞಾನಿ ಎಡ್ವರ್ಡ್ ಹಲ್ಬರ್ಟ್ 1953ರಲ್ಲಿ ಈ ಒಗಟನ್ನು ಬಿಡಿಸಿದರು. ವಾಯುಮಂಡಲದ ಮೇಲ್ಪದರದಲ್ಲಿರುವ ಓಝೋನ್ ಅನಿಲವು 600 ನ್ಯಾನೋಮೀಟರ್ ಆಸುಪಾಸಿನ ಹಳದಿ ಮತ್ತು ಕಿತ್ತಳೆ ಬೆಳಕನ್ನು ದುರ್ಬಲವಾಗಿ ಹೀರಿಕೊಳ್ಳುತ್ತದೆ. ನಡುಹಗಲಿನ ಗಿಡ್ಡ ದಾರಿಯಲ್ಲಿ ಇದು ಲೆಕ್ಕಕ್ಕೆ ಬರುವಷ್ಟಿಲ್ಲ. ಸಂಜೆಯ ಕಿರಣವು ಓಝೋನ್ ಪದರವನ್ನು ಓರೆಯಾಗಿ ಬಹುದೂರ ದಾಟುವುದರಿಂದ ಆ ಹೀರುವಿಕೆ ಗಣನೀಯವಾಗುತ್ತದೆ. ಹಲ್ಬರ್ಟ್ ಅವರ ಲೆಕ್ಕದ ಪ್ರಕಾರ ಸೂರ್ಯಾಸ್ತದ ಹೊತ್ತಿನಲ್ಲಿ ನೆತ್ತಿಯ ನೀಲಿಯ ಸುಮಾರು ಮೂರನೇ ಎರಡು ಭಾಗಕ್ಕೆ ಓಝೋನ್ ಕಾರಣ. ಉಳಿದ ಭಾಗಕ್ಕೆ ರೇಲೀ ಚದುರಿಕೆ ಕಾರಣ.

## ಧೂಳು ಮತ್ತು ತೇಲುಕಣಗಳ ಪ್ರಭಾವ

ಮೇಲಿನ ಲೆಕ್ಕವು ಶುದ್ಧ ಗಾಳಿಗೆ ಮಾತ್ರ ಅನ್ವಯಿಸುತ್ತದೆ. ನಿಜವಾದ ಗಾಳಿಯಲ್ಲಿ ಧೂಳು, ಹೊಗೆ, ಸಮುದ್ರದ ಉಪ್ಪಿನ ಕಣಗಳು ಮುಂತಾದ ಏರೋಸಾಲ್‌ಗಳು ತೇಲುತ್ತಿರುತ್ತವೆ. ಹೊಗೆಯಂತಹ ಅತಿ ಸಣ್ಣ ಕಣಗಳು ನೀಲಿಯನ್ನು ಹೆಚ್ಚಾಗಿ ಚದುರಿಸಿ ಸೂರ್ಯಬಿಂಬವನ್ನು ಇನ್ನಷ್ಟು ಕೆಂಪಾಗಿಸುತ್ತವೆ. ದೊಡ್ಡ ಧೂಳಿನ ಕಣಗಳು ಎಲ್ಲ ಬಣ್ಣಗಳನ್ನೂ ಸಮವಾಗಿ ಚದುರಿಸಿ ಹಗಲಿನ ಆಕಾಶವನ್ನು ಬಿಳಿಚಿಸುತ್ತವೆ ಮತ್ತು ಸಂಜೆಯ ಬಣ್ಣಗಳನ್ನು ಮಂಕಾಗಿಸುತ್ತವೆ. ಮಳೆ ಸುರಿದು ನಿಂತ ಮೇಲೆ ಆಕಾಶ ಹೆಚ್ಚು ಗಾಢ ನೀಲಿಯಾಗಿ ಕಾಣುವುದು, ಮಳೆಯು ಈ ಕಣಗಳನ್ನು ತೊಳೆದುಹಾಕುವುದರಿಂದ.

ಶುದ್ಧ ಗಾಳಿಯಲ್ಲಿಯೂ ಕ್ಷಿತಿಜದ ಬಳಿಯ ಹಗಲಿನ ಆಕಾಶ ನೆತ್ತಿಗಿಂತ ಬಿಳಿಚಿಕೊಂಡಿರುತ್ತದೆ. ಆ ದಿಕ್ಕಿನಲ್ಲಿ ನೋಟವು ಬಹುದೂರದ ಗಾಳಿಯನ್ನು ಹಾದುಹೋಗುತ್ತದೆ. ದೂರದಲ್ಲಿ ಚದುರಿದ ನೀಲಿ ಬೆಳಕು ಕಣ್ಣಿಗೆ ಬರುವ ದಾರಿಯಲ್ಲಿ ಮತ್ತೆ ಚದುರಿ ಕಡಿಮೆಯಾಗುತ್ತದೆ. ಕೆಂಪು ಅಷ್ಟಾಗಿ ಕಡಿಮೆಯಾಗುವುದಿಲ್ಲ. ಎರಡೂ ಸರಿದೂಗಿ ಬಣ್ಣ ಬಿಳಿಗೆ ಹತ್ತಿರವಾಗುತ್ತದೆ.

1883ರಲ್ಲಿ ಇಂಡೋನೇಷ್ಯಾದ ಕ್ರಕಟೋವಾ ಜ್ವಾಲಾಮುಖಿ ಸಿಡಿದ ನಂತರ ತಿಂಗಳುಗಳ ಕಾಲ ಜಗತ್ತಿನ ಅನೇಕ ಕಡೆ ಅಸಾಧಾರಣವಾದ ಕೆಂಪು ಸಂಜೆಗಳು ಕಂಡುಬಂದವು. ಸ್ಫೋಟವು ವಾಯುಮಂಡಲದ ಎತ್ತರಕ್ಕೆ ಎಸೆದ ಸೂಕ್ಷ್ಮ ಕಣಗಳು ಇದಕ್ಕೆ ಕಾರಣವಾಗಿದ್ದವು.

## ವಿವರಣೆಯ ಇತಿಹಾಸ

1860ರ ದಶಕದ ಕೊನೆಯಲ್ಲಿ ಐರಿಷ್ ಮೂಲದ ವಿಜ್ಞಾನಿ ಜಾನ್ ಟಿಂಡಲ್ ಅವರು ಗಾಜಿನ ಕೊಳವೆಯಲ್ಲಿ ಅತಿ ಸೂಕ್ಷ್ಮ ಕಣಗಳನ್ನು ಉಂಟುಮಾಡಿ ಅದರ ಮೂಲಕ ಬೆಳಕು ಹಾಯಿಸಿದಾಗ, ಬದಿಯಿಂದ ನೀಲಿ ಬಣ್ಣ ಕಂಡಿತು. ಆಕಾಶದ ನೀಲಿಗೂ ಗಾಳಿಯಲ್ಲಿ ತೇಲುವ ಕಣಗಳೇ ಕಾರಣವೆಂದು ಆಗ ಭಾವಿಸಲಾಯಿತು. 1871ರಲ್ಲಿ ಜಾನ್ ವಿಲಿಯಂ ಸ್ಟ್ರಟ್, ಅಂದರೆ ಮುಂದೆ ಲಾರ್ಡ್ ರೇಲೀ ಆದವರು, ನಾಲ್ಕನೇ ಘಾತದ ನಿಯಮವನ್ನು ನಿರೂಪಿಸಿದರು. 1899ರಲ್ಲಿ ಅವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಬೇರಾವ ಕಣಗಳೂ ಇಲ್ಲದಿದ್ದರೂ ಗಾಳಿಯ ಅಣುಗಳಿಂದಲೇ ಆಕಾಶ ನೀಲಿಯಾಗಬಲ್ಲದು ಎಂದು ತೋರಿಸಿದರು. ಸಾಂದ್ರತೆಯ ಏರುಪೇರಿನ ಪಾತ್ರವನ್ನು ಮರಿಯನ್ ಸ್ಮೊಲುಚೋವ್‌ಸ್ಕಿ 1908ರಲ್ಲಿ ಗುರುತಿಸಿದರು. ಆಲ್ಬರ್ಟ್ ಐನ್‌ಸ್ಟೈನ್ 1910ರಲ್ಲಿ ಅದಕ್ಕೆ ಗಣಿತ ರೂಪ ಕೊಟ್ಟರು.

ಸಮುದ್ರದ ಕಡುನೀಲಿಯು ಆಕಾಶದ ಪ್ರತಿಫಲನ ಮಾತ್ರ ಎಂಬುದು ರೇಲೀ ಅವರ ಅಭಿಪ್ರಾಯವಾಗಿತ್ತು. 1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಮರಳುತ್ತಿದ್ದ ಸಿ. ವಿ. ರಾಮನ್ ಇದನ್ನು ಪ್ರಶ್ನಿಸಿದರು. ನಿಕಲ್ ಪಟ್ಟಕದ ಸಹಾಯದಿಂದ ನೀರಿನ ಮೇಲ್ಮೈಯ ಪ್ರತಿಫಲನವನ್ನು ತಡೆದು ನೋಡಿದಾಗಲೂ ಸಮುದ್ರ ನೀಲಿಯಾಗಿಯೇ ಇತ್ತು. ದ್ರವಗಳಲ್ಲಿನ ಬೆಳಕಿನ ಚದುರಿಕೆಯನ್ನು ಕುರಿತು ಅವರು ಮುಂದುವರಿಸಿದ ಅಧ್ಯಯನವು 1928ರಲ್ಲಿ ರಾಮನ್ ಪರಿಣಾಮದ ಆವಿಷ್ಕಾರಕ್ಕೆ ದಾರಿಮಾಡಿತು. ರೇಲೀ ಚದುರಿಕೆಯಲ್ಲಿ ಬೆಳಕಿನ ತರಂಗದೂರ ಬದಲಾಗುವುದಿಲ್ಲ; ರಾಮನ್ ಪರಿಣಾಮದಲ್ಲಿ ಚದುರಿದ ಬೆಳಕಿನ ಒಂದು ಅತಿ ಸಣ್ಣ ಪಾಲಿನ ತರಂಗದೂರ ಬದಲಾಗುತ್ತದೆ.

## ತಪ್ಪು ಕಲ್ಪನೆಗಳು

ಆಕಾಶವು ಸಮುದ್ರದ ಬಣ್ಣವನ್ನು ಪ್ರತಿಫಲಿಸುವುದರಿಂದ ನೀಲಿಯಾಗಿದೆ ಎಂಬ ನಂಬಿಕೆ ತಪ್ಪು. ಸಮುದ್ರದಿಂದ ಬಹುದೂರದಲ್ಲಿರುವ ಮರುಭೂಮಿಗಳ ಮೇಲೆಯೂ ಆಕಾಶ ನೀಲಿಯಾಗಿಯೇ ಇರುತ್ತದೆ. ಕಾಮನಬಿಲ್ಲಿನಂತೆ ಬೆಳಕಿನ ವಕ್ರೀಭವನದಿಂದ ಆಕಾಶಕ್ಕೆ ಬಣ್ಣ ಬರುತ್ತದೆ ಎಂಬುದೂ ಸರಿಯಲ್ಲ. ವಾತಾವರಣದ ವಕ್ರೀಭವನವು ಮುಳುಗುವ ಸೂರ್ಯನನ್ನು ಸುಮಾರು ಅರ್ಧ ಡಿಗ್ರಿ ಮೇಲೆತ್ತಿ ತೋರಿಸುತ್ತದೆ ಮತ್ತು ಬಿಂಬವನ್ನು ಚಪ್ಪಟೆಯಾಗಿಸುತ್ತದೆ. ಆಕಾಶದ ನೀಲಿ ಅಥವಾ ಕೆಂಪಿಗೆ ಅದು ಕಾರಣವಲ್ಲ. ಗಾಳಿ ಎಂಬುದು ನೀಲಿ ಬಣ್ಣದ ಅನಿಲವೂ ಅಲ್ಲ. ಹಾಗಿದ್ದಿದ್ದರೆ ಅದರ ಮೂಲಕ ಬಹುದೂರ ಬಂದ ಸೂರ್ಯನ ಬೆಳಕು ಸಂಜೆ ಇನ್ನಷ್ಟು ನೀಲಿಯಾಗಬೇಕಿತ್ತು.

ಚಂದ್ರನಿಗೆ ವಾತಾವರಣವಿಲ್ಲದಿರುವಂತೆಯೇ ಎನ್ನಬಹುದಾದ ಕಾರಣ ಅಲ್ಲಿ ಹಗಲಿನಲ್ಲೂ ಆಕಾಶ ಕಪ್ಪಾಗಿರುತ್ತದೆ. ಮಂಗಳ ಗ್ರಹದ ತೆಳು ವಾತಾವರಣದಲ್ಲಿ ಸೂಕ್ಷ್ಮ ಧೂಳು ತುಂಬಿರುವುದರಿಂದ ಕ್ರಮ ತಿರುಗುಮುರುಗಾಗುತ್ತದೆ: ಹಗಲಿನ ಆಕಾಶ ಕಂದುಹಳದಿ, ಮುಳುಗುವ ಸೂರ್ಯನ ಸುತ್ತ ನೀಲಿ.

## ಸರಳ ಪರೀಕ್ಷೆಗಳು

ಪಾರದರ್ಶಕ ಗಾಜಿನ ಪಾತ್ರೆಯಲ್ಲಿ ನೀರು ತುಂಬಿ, ಕೆಲವು ಹನಿ ಹಾಲು ಬೆರೆಸಿ, ಕತ್ತಲೆಯ ಕೋಣೆಯಲ್ಲಿ ಒಂದು ಕಡೆಯಿಂದ ಟಾರ್ಚ್ ಬೆಳಕು ಹಾಯಿಸಿದರೆ ಬದಿಯಿಂದ ನೀರು ನಸುನೀಲಿಯಾಗಿಯೂ, ಎದುರಿನಿಂದ ಟಾರ್ಚ್ ಹಳದಿ ಅಥವಾ ಕಿತ್ತಳೆಯಾಗಿಯೂ ಕಾಣುತ್ತದೆ. ಹಾಲು ಹೆಚ್ಚಾದರೆ ಬೆಳಕು ಮತ್ತೆ ಮತ್ತೆ ಚದುರಿ ನೀರು ಬರಿದೆ ಬೆಳ್ಳಗಾಗುತ್ತದೆ. ಹಾಲಿನ ಕಣಗಳು ಗಾಳಿಯ ಅಣುಗಳಿಗಿಂತ ಬಹಳ ದೊಡ್ಡವಾದ್ದರಿಂದ ಇದು ಆಕಾಶದ ನಿಖರ ಮಾದರಿಯಲ್ಲ. ತತ್ವವನ್ನು ಮಾತ್ರ ತೋರಿಸುತ್ತದೆ.

ಎರಡನೆಯ ಪರೀಕ್ಷೆ ಧ್ರುವೀಕರಣಕ್ಕೆ ಸಂಬಂಧಿಸಿದ್ದು. ಸೂರ್ಯನಿಂದ 90 ಡಿಗ್ರಿ ದೂರದ ಆಕಾಶದಿಂದ ಬರುವ ಬೆಳಕು ಬಹುಪಾಲು ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ. ಅತಿ ಸಣ್ಣ ಕಣಗಳ ಚದುರಿಕೆಯ ಗುರುತು ಇದು. ಪೋಲರಾಯ್ಡ್ ತಂಪು ಕನ್ನಡಕದ ಗಾಜಿನ ಮೂಲಕ ಆ ಭಾಗವನ್ನು ನೋಡುತ್ತ ಗಾಜನ್ನು ನಿಧಾನವಾಗಿ ತಿರುಗಿಸಿದರೆ ಆಕಾಶ ಒಮ್ಮೆ ಕಪ್ಪಡರಿ, ಮತ್ತೊಮ್ಮೆ ಬೆಳಗುತ್ತದೆ. ಅದೇ ಗಾಜಿನಲ್ಲಿ ಬಿಳಿ ಮೋಡವನ್ನು ನೋಡಿದರೆ ಹೆಚ್ಚಿನ ಬದಲಾವಣೆ ಕಾಣುವುದಿಲ್ಲ. ಗಾಳಿಯಲ್ಲಿ ಧೂಳು ಹೆಚ್ಚಿದ ದಿನ ಆಕಾಶದ ಈ ಬದಲಾವಣೆಯೂ ಕ್ಷೀಣವಾಗಿರುತ್ತದೆ. ಈ ಪರೀಕ್ಷೆಯಲ್ಲಿ ಸೂರ್ಯನನ್ನು ನೇರವಾಗಿ ನೋಡಬಾರದು. ತಂಪು ಕನ್ನಡಕವು ಕಣ್ಣಿಗೆ ಸಾಕಷ್ಟು ರಕ್ಷಣೆ ಕೊಡುವುದಿಲ್ಲ.